ಮುಯ್ಯಾಳಿನ ಊಟ

ಸಮಾಜಶಾಸ್ತ್ರದ ಎಂ.ಎ. ಎರಡನೆಯ ವರ್ಷದಲ್ಲಿ ನಮ್ಮ ಮೇಷ್ಟ್ರು ಕರಿಹಲಗೆಯ ಮೇಲೆ ಕೆಲವು ಪ್ರಶ್ನೆ ಬರೆದು, ಸೀಮೆಸುಣ್ಣದ ಕೈಯನ್ನು ಕೋಟಿಗೇ ಒರೆಸಿಕೊಂಡು, "ಇವಕ್ಕೆ ಉತ್ತರ ಇಲ್ಲದೆ ಯಾರೂ ಸೆಮಿನಾರಿಗೆ ನಿಲ್ಲಬೇಡಿ" ಎಂದರು. ನಿಮ್ಮನ್ನು ಊರೊಳಗೆ ಬಿಟ್ಟವರು ಯಾರು, ಯಾಕೆ ಬಿಟ್ಟರು? ಅವರಿಂದ ತೆಗೆದುಕೊಂಡದ್ದಕ್ಕೆ ಪ್ರತಿಯಾಗಿ ಏನು ಕೊಟ್ಟಿರಿ? ಅವರು ಮಾಡುವ ಕೆಲಸಕ್ಕೆ ನೀವು ಹೇಳುತ್ತಿರುವ ಅರ್ಥ ಅವರದೋ, ನಿಮ್ಮದೋ? ಇಷ್ಟೇ. ನನಗೆ ನಗು ಬಂತು. ಇದಕ್ಕೆಲ್ಲ ಉತ್ತರ ಬಾಯಲ್ಲೇ ಇದೆ, ಬೇರೆ ಏನಾದರೂ ಕಷ್ಟದ್ದು ಕೇಳಬಾರದೇ ಅಂದುಕೊಂಡೆ. ಆ ವಯಸ್ಸಿನಲ್ಲಿ ನನಗೆ ಧೈರ್ಯಕ್ಕೇನೂ ಬರ ಇರಲಿಲ್ಲ. ಈಗಲೂ ಇಲ್ಲ, ಬಿಡಿ.

ಐವತ್ತರ ದಶಕದ ನಡುಭಾಗ. ನಮ್ಮ ಮನೆ ರಾಜಾಜಿನಗರದಲ್ಲಿ. ಬಡಾವಣೆ ಇನ್ನೂ ಹಸಿ ಹಸಿ. ಒಂದು ಮನೆ ಎದ್ದರೆ ಪಕ್ಕದ ನಾಲ್ಕು ಸೈಟಿನಲ್ಲಿ ಎಕ್ಕದ ಗಿಡ. ಇಟ್ಟಿಗೆ ಲಾರಿಗಳು ಎಬ್ಬಿಸುವ ಧೂಳಿನಲ್ಲಿ ಅಮ್ಮ ದಿನಕ್ಕೆರಡು ಸಲ ಬಾಗಿಲು ಸಾರಿಸುತ್ತಿದ್ದರು. ಅಪ್ಪ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರು. ತರಗತಿಯಲ್ಲಿ ನಾನೊಬ್ಬಳೇ ಹುಡುಗಿ. ಕ್ಷೇತ್ರಕಾರ್ಯಕ್ಕೆ ಇಬ್ಬಿಬ್ಬರನ್ನು ಜೊತೆ ಮಾಡಿದಾಗ ನನ್ನ ಪಾಲಿಗೆ ಬಂದದ್ದು ಬಸವನಗುಡಿ ಕಡೆಯ ಒಬ್ಬ ಹುಡುಗ. ಬಿಸಿಲಿರಲಿ ಮೋಡವಿರಲಿ ಛತ್ರಿ ಬಿಡದವನು, ಅಚ್ಚುಕಟ್ಟಿನ ಮನುಷ್ಯ, ಇಂಗ್ಲಿಷು ಚೆನ್ನಾಗಿ ಬರೆಯುತ್ತಿದ್ದ. ನಾವಿಬ್ಬರೂ ಒಬ್ಬರನ್ನೊಬ್ಬರು 'ನೀವು' ಅನ್ನುತ್ತಿದ್ದೆವು, ಜಗಳ ಆಡುವಾಗಲೂ. ದೀಪ ಹಚ್ಚುವುದರೊಳಗೆ ಮನೆಯಲ್ಲಿರಬೇಕು ಎಂಬುದು ಅಪ್ಪನ ಷರತ್ತು. ಅದಕ್ಕೇ ದೂರದ ಊರು ಬೇಡವೆಂದು ಮಾಗಡಿ ರಸ್ತೆ ದಾಟಿ ಹೊಲದ ಬದುವಿನ ಮೇಲೆ ನಡೆದರೆ ಸಿಗುತ್ತಿದ್ದ ಮಾರೇನಹಳ್ಳಿಯನ್ನು ಆರಿಸಿಕೊಂಡೆವು.

ಮೊದಲು ಊರೊಳಗೆ ಹೋಗಲು ಹೊರಟವನು ಅವನೇ. ಪಟೇಲರನ್ನು ಕಂಡು, ಕೈಮುಗಿದು, ಚಾವಡಿಯಲ್ಲಿ ಕೂತು, ಬಂದಬಂದವರನ್ನೆಲ್ಲ "ನಿಮಗೆ ಜಮೀನು ಎಷ್ಟು? ಖುಷ್ಕಿ ಎಷ್ಟು? ತರಿ ಎಷ್ಟು?" ಎಂದು ಕೇಳಿದ. ಪಾಪ, ಪುಸ್ತಕದಲ್ಲಿ ಹಾಗೇ ಇತ್ತು. ಆದರೆ ಆ ಊರಿನವರು ಪಕ್ಕದ ಹಳ್ಳಿಗಳ ಹೊಲ ರಾಜಾಜಿನಗರವಾದದ್ದನ್ನು ಕಣ್ಣಾರೆ ಕಂಡಿದ್ದವರು. ಮೊದಲು ಷರಾಯಿ ಹಾಕಿದವರು ಬಂದು ಪ್ರಶ್ನೆ ಕೇಳುತ್ತಾರೆ, ಆಮೇಲೆ ಸರಪಳಿ ಹಿಡಿದವರು ಬಂದು ಅಳೆಯುತ್ತಾರೆ, ಕೊನೆಗೆ ಗೂಟ ಬೀಳುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೀಗಾಗಿ ಇಡೀ ಊರಿಗೆ ಊರೇ ಬಡವಾಗಿಬಿಟ್ಟಿತು. ಒಬ್ಬರಿಗೂ ಅಂಗೈಯಗಲಕ್ಕಿಂತ ಹೆಚ್ಚು ನೆಲವಿಲ್ಲ. ಅವನು ಅದನ್ನೂ ಬರೆದುಕೊಂಡ.

ನಾನು ಹೋದದ್ದು ಹಿತ್ತಲ ಬಾಗಿಲಿನಿಂದ. ಅಲ್ಲಿಂದ ಒಬ್ಬಾಕೆ ಅವರೆಕಾಯಿ, ಹುರುಳಿ, ರಾಗಿ ಹೊತ್ತು ನಮ್ಮ ಬೀದಿಗೆ ಬರುತ್ತಿದ್ದರು. ಅಮ್ಮ ಅವರನ್ನು ಗೌಡ್ತಮ್ಮ ಅನ್ನುತ್ತಿದ್ದರು. ಎತ್ತರದ ಆಳು, ಗಟ್ಟಿ ಗಂಟಲು. ಗಂಡ ಚಿಕ್ಕ ವಯಸ್ಸಿಗೇ ತೀರಿಹೋಗಿ, ಮನೆಯಲ್ಲಿ ಇಬ್ಬರು ಎಳೆಯ ಹೆಣ್ಣುಮಕ್ಕಳು, ಕಿವಿ ಮಂದವಾದ ಒಬ್ಬ ಮುದಿ ಆಳು, ಮತ್ತು ಊರಿಗೇ ಚೆನ್ನಾದ ಒಂದು ಜೋಡಿ ಎತ್ತು. ನಮ್ಮ ಮೆಟ್ಟಿಲ ಮೇಲೆ ಕೂತು, ಅವರಿಗೆಂದೇ ಬೇರೆ ಇಟ್ಟಿದ್ದ ಲೋಟದಲ್ಲಿ ಕಾಫಿ ಕುಡಿದು, ಲೋಟ ತಾವೇ ತೊಳೆದು ಬೋರಲು ಹಾಕಿ ಹೋಗುತ್ತಿದ್ದರು. ನಾನು ಹೀಗೆ ಹೀಗೆ ಓದಿಗೆ ನಿಮ್ಮೂರಿಗೆ ಬರಬೇಕು ಎಂದಾಗ ಆಕೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

"ಅದ್ಯಾಕವ್ವ ಚಾವಡಿ ಕಾಯ್ತೀಯ? ನಮ್ಮನೆ ಜಗಲಿ ಮ್ಯಾಲೆ ಕುಂತ್ಕೊ. ಊರೇ ಬತ್ತದೆ ಅಲ್ಲಿಗೆ" ಎಂದರು.

ಬಂತು ಕೂಡ. ರಾಗಿ ಪೈರು ಮೊಳಕಾಲಿಗೆ ಬಂದು ಕಳೆ ಕೀಳುವ ಕಾಲ. ಗೌಡ್ತಮ್ಮನ ಹೊಲ ಕೆರೆಯ ಕೆಳಗಡೆ, ಊರಿನಲ್ಲಿ ಮೊದಲು ಬಿತ್ತನೆಯಾದ ಹೊಲ. ಬೇರೆ ಬೇರೆ ಮನೆಯ ಹೆಂಗಸರು ಬೆಳಿಗ್ಗೆಯೇ ಬಂದು ಸಾಲು ಹಿಡಿದು ಬಗ್ಗಿದರೆ, ನಾನು ಬದುವಿನ ಮೇಲೆ ಕೂತು ಅವರ ಮಾತು ಕೇಳುತ್ತಿದ್ದೆ. ಗಂಡಂದಿರ ಚಾಡಿ, ಅತ್ತೆಯರ ಅಣಕ, ಯಾವ ಹುಡುಗಿಯನ್ನು ಯಾವ ಊರಿಗೆ ಕೊಡುವುದೆಂಬ ಚರ್ಚೆ, ಎಲ್ಲವೂ ಬಗ್ಗಿದ ಬೆನ್ನಿನ ಮೇಲೆಯೇ ನಡೆಯುತ್ತಿತ್ತು. ಅಂಥ ತಮಾಷೆಯ ತರಗತಿ ನನಗೆ ಕಾಲೇಜಿನಲ್ಲಿ ಸಿಕ್ಕಿರಲಿಲ್ಲ. ಹೊತ್ತು ನೆತ್ತಿಗೆ ಬಂದಾಗ ಗೌಡ್ತಮ್ಮ ತಲೆಯ ಮೇಲೆ ಹಿಟ್ಟಿನ ಕುಕ್ಕೆ, ಸೊಂಟದಲ್ಲಿ ಸಾರಿನ ಗಡಿಗೆ ಇಟ್ಟುಕೊಂಡು ಬರುತ್ತಿದ್ದರು. ಹಿಟ್ಟು ಅಂದರೆ ರಾಗಿ ಮುದ್ದೆಯೇ, ಆ ಕಡೆಯವರು ಹಾಗೇ ಅನ್ನುವುದು. ಹೊಂಗೆಯ ನೆರಳಲ್ಲಿ ಎಲ್ಲರೂ ಮುತ್ತುಗದ ಎಲೆ ಹಾಕಿ ಕೂರುವರು. ನನಗೂ ಒಂದು ಎಲೆ, ಚಾವಡಿಯಿಂದ ಬೆವರು ಒರೆಸಿಕೊಂಡು ಬರುತ್ತಿದ್ದ ನನ್ನ ಜೊತೆಗಾರನಿಗೂ ಒಂದು ಎಲೆ. ಹುರುಳಿ ಸಾರಿನಲ್ಲಿ ಬಿಸಿ ಮುದ್ದೆ. ಮೊದಲ ದಿನ ನಾನು ಅಗಿಯಲು ಹೋಗಿ ನಗೆಪಾಟಲಾದೆ, ಎರಡನೆಯ ದಿನ ನುಂಗಲು ಕಲಿತೆ.

ಉಣ್ಣುವಾಗ ಒಬ್ಬಲ್ಲ ಒಬ್ಬ ಹೆಂಗಸು, "ಕೊಯ್ಲಿಗೆ ಬತ್ತೀಯಲ್ಲವ್ವಾ?" ಎಂದು ಕೇಳಿ ಉಳಿದವರ ಕಡೆ ನೋಡಿ ನಗುತ್ತಿದ್ದಳು. "ಬರದೆ ಇರ್ತೀನಾ?" ಎನ್ನುತ್ತಿದ್ದೆ ನಾನು. ಹೋಗಿಬರುವವರಿಗೆ 'ಮತ್ತೆ ಬನ್ನಿ' ಅನ್ನುತ್ತಾರಲ್ಲ, ಅದೇ ಇದು ಎಂದು ನನ್ನ ಲೆಕ್ಕ. ಮನೆಗೆ ಬಂದರೆ ಅಮ್ಮ ನನ್ನನ್ನು ಬಾಗಿಲಲ್ಲೇ ತಡೆದು ಬಚ್ಚಲಿಗೆ ಅಟ್ಟುತ್ತಿದ್ದರು. "ಯಾರ್ಯಾರ ಮನೇದೋ ತಿಂದು ಬಂದು ನನ್ನ ಅಡಿಗೆಮನೆಗೆ ಕಾಲಿಡಬೇಡ ಕಣೇ" ಎಂದು. ನಾನು ತಲೆಗೆ ನೀರು ಹಾಕಿಕೊಂಡು ಒಳಗೆ ಬಂದು, ಅಮ್ಮನ ಕೈಯದನ್ನೂ ತಿನ್ನುತ್ತಿದ್ದೆ.

ಕಳೆ ಕೀಳುವವರಿಗೆ ಕೂಲಿ ಏನು ಎಂದು ನನ್ನ ಜೊತೆಗಾರ ಕೇಳಿದಾಗ ಅವರು, "ಕೂಲಿ ಯಾತಕ್ಕೆ? ಮುಯ್ಯಾಳಲ್ವಾ ನಾವು" ಎಂದರು. ಒಂದು ಮನೆಯವರು ಇನ್ನೊಂದು ಮನೆಯ ಹೊಲದಲ್ಲಿ ದುಡಿಯುವುದು, ಅವರು ಇವರ ಹೊಲಕ್ಕೆ ಬಂದು ತೀರಿಸುವುದು, ಅದು ಮುಯ್ಯಾಳು. ಮದುವೆಯಲ್ಲಿ ಮುಯ್ಯಿ ಮಾಡುವುದು ಹೇಗೋ ಹಾಗೆ, ಆದರೆ ಇಲ್ಲಿ ಕೊಡುವುದು ಸೀರೆಯಲ್ಲ, ಮೈಗೆಲಸ. ನನ್ನ ಜೊತೆಗಾರ ತಲೆಯಾಡಿಸಿದ. ಊರಿಗೆ ಬೆನ್ನು ಹಾಕಿ ಬದುವಿನ ಮೇಲೆ ಬರುವಾಗ, "ಇದು ಬಿಟ್ಟಿ ಕಣ್ರೀ" ಎಂದ.

"ಏನಂದ್ರಿ?"

"ಬಿಟ್ಟಿ ಚಾಕರಿ. ಆಕೆ ಊರಿನ ದೊಡ್ಡ ಮನೆಯವಳು. ಬಡವರು ಬಂದು ದುಡೀತಾರೆ. ಕಾಸಿಲ್ಲ. ಒಂದು ಮುದ್ದೆ ಹಾಕಿ ಕಳಿಸ್ತಾಳೆ. ಮುಯ್ಯಾಳು ಅನ್ನೋದು ಅದಕ್ಕೆ ಹೊದಿಸಿರೋ ಚೆಂದದ ಹೆಸರು."

"ಅವರೇ ಹೇಳಿದ್ರಲ್ರೀ, ತಿರುಗಿ ಕೊಡ್ತಾರೆ ಅಂತ."

"ಕೊಟ್ಟಿದ್ದು ನೀವು ನೋಡಿದ್ರಾ?"

ನೋಡಿರಲಿಲ್ಲ. ಬಂದು ಹೋದ ವಾರಗಳಲ್ಲಿ ನಾವು ಕಂಡದ್ದು ಅವರೆಲ್ಲ ಆಕೆಯ ಹೊಲಕ್ಕೆ ಬಂದದ್ದನ್ನು ಮಾತ್ರ. ಆಕೆಯ ಮನೆಯಿಂದ ಒಬ್ಬರೂ ಬೇರೆಯವರ ಹೊಲದಲ್ಲಿ ಬಗ್ಗಿದ್ದು ಕಾಣಲಿಲ್ಲ. ಜನ ಹೇಳುವುದೇ ಬೇರೆ ಮಾಡುವುದೇ ಬೇರೆ, ಕಂಡದ್ದನ್ನೇ ಬರೆಯಿರಿ ಎಂದು ಮೇಷ್ಟ್ರೇ ಹೇಳಿದ್ದರು. ಆದರೂ ನನ್ನ ಹೊಟ್ಟೆ ಒಪ್ಪಲಿಲ್ಲ. ಬಿಟ್ಟಿ ಮಾಡುವವರು ಹಾಗೆ ನಗುತ್ತಾ ಒಡತಿಯ ಸಾರಿಗೆ ಉಪ್ಪು ಸಾಲದು ಎಂದು ಆಡಿಕೊಳ್ಳುತ್ತಾರೆಯೇ? ಮಾಗಡಿ ರಸ್ತೆಯವರೆಗೂ ಜಗಳವಾಡಿದೆವು. ಆತ ಛತ್ರಿ ಬಿಚ್ಚಿಕೊಂಡು ಬಸ್ಸಿಗೆ ಹೋದ, ನಾನು ಕಾಲು ನೆಲಕ್ಕೆ ಬಡಿಯುತ್ತಾ ಮನೆಗೆ ಬಂದೆ.

ದಸರೆಯ ರಜೆ, ಅದರ ಹಿಂದೆಯೇ ಪರೀಕ್ಷೆ. ಊರ ಕಡೆ ತಲೆ ಹಾಕಲಾಗಲಿಲ್ಲ. ಆ ನಡುವೆ ನನ್ನ ಜೊತೆಗಾರ ಮಾಗಡಿ ರಸ್ತೆಯ ಹೋಟೆಲಿನಲ್ಲಿ ಗ್ರಾಮಸೇವಕನ ಜೊತೆ ಕಾಫಿ ಕುಡಿಯುತ್ತಾ ತನ್ನ ವಿಚಾರವನ್ನು ಹೇಳಿಕೊಂಡ. ಗ್ರಾಮಸೇವಕ ಅಂದರೆ ಸರ್ಕಾರದ ಅಭಿವೃದ್ಧಿ ಕೆಲಸಕ್ಕೆ ಹಳ್ಳಿ ಹಳ್ಳಿ ಸೈಕಲ್ ತುಳಿಯುತ್ತಿದ್ದ ಹುಡುಗ, ಏನಾದರೂ ಒಂದು ಸುಧಾರಣೆ ಮಾಡಿ ತೋರಿಸಬೇಕೆಂದು ಕೈ ತುರಿಸುತ್ತಿದ್ದವನು. ಮರುದಿನವೇ ಚಾವಡಿಗೆ ಹೋಗಿ, ಬಿಟ್ಟಿ ಮಾಡಿಸುವುದು ತಪ್ಪು, ಇಂಥ ಮನೆಯಲ್ಲಿ ನಡೆಯುತ್ತಿದೆಯಂತೆ, ಓದುವ ಮಕ್ಕಳು ಆ ಮನೆಯಲ್ಲೇ ಕೂತು ತಿಳಿದುಕೊಂಡು ಬಂದಿದ್ದಾರೆ ಎಂದು ಭಾಷಣ ಬಿಗಿದ. ನನಗೆ ಇದೊಂದೂ ಗೊತ್ತಿಲ್ಲ. ಕಾರ್ತಿಕದ ಒಂದು ಬೆಳಿಗ್ಗೆ ಗೌಡ್ತಮ್ಮನ ಮಕ್ಕಳಿಗೆಂದು ಕೋಡುಬಳೆ ಕಟ್ಟಿಕೊಂಡು, ಕುಣಿಯುತ್ತಾ ಊರಿಗೆ ಹೋದೆ.

ಬಾವಿಯ ಹತ್ತಿರದ ಹೆಂಗಸರು ಕೊಡ ಎತ್ತಿಕೊಂಡು ಸರಿದುಹೋದರು. ಒಂದು ತಿಂಗಳ ಹಿಂದೆ ನನ್ನ ಜಡೆ ಎಳೆದು ತಮಾಷೆ ಮಾಡಿದವರು. ಗೌಡ್ತಮ್ಮ ಜಗಲಿಯ ಮೇಲೆ ನಿಂತಿದ್ದರು. ಕೂತ್ಕೊ ಅನ್ನಲಿಲ್ಲ.

"ಏನಾಯ್ತು ಗೌಡ್ತಮ್ಮ?"

"ಏನಾಗ್ಬೇಕವ್ವ? ಊರೋರೆಲ್ಲ ನಮ್ಮನೇಲಿ ಬಿಟ್ಟಿ ಮಾಡ್ತಾವ್ರೆ ಅಂತ ನಾನೇ ನಿಮ್ಗೆ ಏಳಿದ್ನಂತೆ. ಅವ್ರು ನನ್ ಆಳುಗಳಂತೆ. ಚಾವಡೀಲಿ ಕುಂತು ಕೇಳುಸ್ಕೊಂಡವ್ರೆ. ಇನ್ಯಾರವ್ವ ಬತ್ತಾರೆ ನಮ್ಮ ಹೊಲಕ್ಕೆ?"

ಆಕೆ ಕೈ ತೋರಿಸಿದ ಕಡೆ ನೋಡಿದೆ. ಕೆರೆಯ ಕೆಳಗೆ ರಾಗಿ ಹಣ್ಣಾಗಿ ತೆನೆ ಬಾಗಿ ನಿಂತಿತ್ತು. ಕೊಯ್ಲಿನ ಹದ ಬಂದು ದಾಟುವುದರಲ್ಲಿತ್ತು. ಆಳಿಗೆ ಕೂಲಿ ಕೊಟ್ಟು ಕೊಯ್ಯಿಸೋಣವೆಂದರೆ ಕೂಲಿಯವರೆಲ್ಲ ನಮ್ಮ ಬಡಾವಣೆಯಲ್ಲಿ ಇಟ್ಟಿಗೆ ಹೊರಲು ಹೋಗಿದ್ದರು. ಮನೆಯಲ್ಲಿ ದುಡಿಯುವ ಗಂಡಸಿಲ್ಲ. ಬಡಗಡೆ ಮೋಡ ಬೇರೆ ಕಟ್ಟುತ್ತಿತ್ತು. ಆ ತಿಂಗಳಲ್ಲಿ ಜಡಿಮಳೆ ಹಿಡಿದರೆ ತೆನೆ ನಿಂತಲ್ಲೇ ಮೊಳೆಯುತ್ತದೆ, ವರ್ಷದ ಹಿಟ್ಟು ಮಣ್ಣುಪಾಲು. ಆಕೆಗೂ ಆ ಮಕ್ಕಳಿಗೂ ಇದ್ದದ್ದು ಅದೊಂದೇ. ನನ್ನನ್ನು ಊರೊಳಗೆ ಬಿಟ್ಟದ್ದಕ್ಕೆ ಆಕೆಯನ್ನು ಊರು ಹೊರಗೆ ನಿಲ್ಲಿಸಿತ್ತು.

"ನಾನು ಹಾಗೆ ಹೇಳಿಲ್ಲ, ಗೌಡ್ತಮ್ಮ."

"ನೀ ಏಳಿಲ್ಲ ಅಂತ ನಂಗ್ಗೊತ್ತು. ನಿನ್ ಜತೇಲಿ ಬಂದೋನು ಏಳವ್ನೆ. ನೀವಿಬ್ರೂ ಒಂದೇ ಎಲೆ ಸಾಲ್ನಲ್ಲಿ ಉಂಡೋರು. ಊರ್ಗೆ ಎಲ್ಡೂ ಒಂದೆಯಾ." ಕೋಡುಬಳೆಯ ಗಂಟನ್ನು ಮಾತ್ರ ಇಸಕೊಂಡರು. ಮಕ್ಕಳ ಮುಖ ನೋಡಿ ಇರಬೇಕು.

ಕಾಲೇಜಿಗೆ ಹೋಗಿ ಗ್ರಂಥಾಲಯದಲ್ಲೇ ಅವನನ್ನು ಹಿಡಿದೆ. ನನ್ನ ಸ್ವರ ಎಷ್ಟು ಏರಿತೆಂದರೆ ಗ್ರಂಥಪಾಲಕರು ಕನ್ನಡಕ ತೆಗೆದು ನೋಡಿದರು. ಅವನು ಕೆಟ್ಟವನಲ್ಲ. "ನಾನು ಅವರ ಒಳ್ಳೇದಕ್ಕೇ ಅಂದೆ" ಎಂದ. "ಯಾರ ಒಳ್ಳೇದಕ್ಕೆ? ಆ ರಾಗಿಯನ್ನು ನಿಮ್ಮ ಪ್ರಬಂಧ ಬಂದು ಕೊಯ್ಯತ್ತಾ?" ಎಂದೆ. ಆಮೇಲೆ ಇಬ್ಬರೂ ನಮ್ಮ ಟಿಪ್ಪಣಿ ಬಿಚ್ಚಿಕೊಂಡು ಕೂತೆವು. ಹಾಗೆ ಕೂತಾಗಲೇ ಅದು ನನಗೆ ಹೊಳೆದದ್ದು. ನಾವು ಊರಿಗೆ ಕಾಲಿಟ್ಟಾಗ ಪೈರು ಆಗಲೇ ಮೊಳಕಾಲುದ್ದ. ಅಂದರೆ ಉಳುಮೆ, ಬಿತ್ತನೆ ಎಲ್ಲ ನಾವು ಬರುವುದಕ್ಕೆ ಮುಂಚೆಯೇ ಮುಗಿದಿತ್ತು. ಎತ್ತಿಲ್ಲದ ಅಷ್ಟೊಂದು ಮನೆಗಳ ಹೊಲ ಉತ್ತವರು ಯಾರು? ಕೊಟ್ಟದ್ದು ಮೊದಲೇ ಆಗಿಹೋಗಿ, ನಾವು ನೋಡಿದ್ದು ತೀರಿಸುವುದನ್ನು ಮಾತ್ರವಾಗಿದ್ದರೆ? ನಾಟಕದ ಎರಡನೆಯ ಅಂಕಕ್ಕೆ ಹೋಗಿ ಕೂತು ಕತೆ ಹೇಳಿದ ಹಾಗಾಗಿತ್ತು ನಮ್ಮದು.

ಮೇಷ್ಟ್ರ ಮನೆಗೆ ಹೋದೆವು. ಎಲ್ಲ ಹೇಳಿದ ಮೇಲೆ ನಾನೇ, "ಸಾರ್, ಸೆಮಿನಾರಿಗಿಂತ ಮುಂಚೆ ನಮ್ಮ ಪ್ರಬಂಧವನ್ನು ಊರಿನವರ ಮುಂದೆ ಓದಬೇಕು. ಬಿಟ್ಟಿ ಅಂತ ಬರೆದದ್ದನ್ನೂ ಬಿಡದ ಹಾಗೆ" ಎಂದೆ.

ಮೇಷ್ಟ್ರು ನಶ್ಯದ ಡಬ್ಬಿ ತಿರುಗಿಸುತ್ತಾ ಕೂತರು. "ಅವರು ಹೊಡೆದು ಓಡಿಸಿದ್ರೆ?"

"ಓಡ್ತೀವಿ ಸಾರ್."

"ಸರಿ. ನಾನೂ ಬರ್ತೀನಿ. ನನಗೆ ಓಡಕ್ಕೆ ಆಗಲ್ಲ, ಮಂಡಿನೋವು. ಅದನ್ನು ನೆನಪಿಟ್ಕೊಂಡು ಓದಿ" ಎಂದರು.

ಆ ಭಾನುವಾರ ಸಂಜೆ ಊರಿನ ಶಾಲೆಯ ಜಗಲಿಯ ಮೇಲೆ ಓದಿದೆವು. ಪಟೇಲರು ಬಂದರು, ಗಂಡಸರು ಬಂದರು, ಹೆಂಗಸರು ಗೋಡೆಯ ಮಗ್ಗುಲಲ್ಲಿ ನಿಂತರು. ಗೌಡ್ತಮ್ಮ ಎಲ್ಲರಿಂದ ದೂರ, ಬಾಗೆಮರದ ಬುಡದಲ್ಲಿ. ನನ್ನ ಜೊತೆಗಾರ ತನ್ನ ಇಂಗ್ಲಿಷನ್ನು ತಾನೇ ಕನ್ನಡಕ್ಕೆ ತಿರುಗಿಸಿಕೊಂಡು ಬಂದಿದ್ದ. ಬಿಟ್ಟಿ ಎಂಬ ಮಾತು ಬಂದಾಗಲೂ ನುಂಗಲಿಲ್ಲ, ಓದಿದ. "ಈ ಮಾತು ನನ್ನದು. ಆ ತಾಯಿ ಹೇಳಿದ್ದಲ್ಲ. ಯಾರೂ ಹೇಳಿದ್ದಲ್ಲ. ನಾನು ನೋಡಿ ಅಂದ್ಕೊಂಡಿದ್ದು" ಎಂದೂ ಹೇಳಿದ. ಅವನ ಮೇಲೆ ನನಗಿದ್ದ ಸಿಟ್ಟು ಆ ಕ್ಷಣಕ್ಕೇ ಅರ್ಧ ಇಳಿಯಿತು.

ಗಂಡಸರಲ್ಲಿ ಗುಜುಗುಜು ಎದ್ದಿತು. ನಾನು ಎದ್ದು ನಿಂತೆ. ಸೆಮಿನಾರಿನಲ್ಲಿ ಕೇಳುವ ಹಾಗೆಯೇ ನನ್ನ ಜೊತೆಗಾರನ ಕಡೆ ತಿರುಗಿ ಕೇಳಿದೆ. "ನಾವು ಬಂದಾಗ ಉಳುಮೆ ಮುಗಿದಿತ್ತು. ಈ ಊರಲ್ಲಿ ಎತ್ತಿಲ್ಲದವರ ಹೊಲ ಉತ್ತ ಎತ್ತು ಯಾವುದು ಅಂತ ನಾವು ಕೇಳಿದ್ವಾ?"

"ಇಲ್ಲ" ಎಂದ ಅವನು.

ಊರಿನವರ ಕಡೆ ತಿರುಗಿದೆ. "ಈಗ ಕೇಳ್ತೀನಿ. ಯಾವುದು?"

ಮೂಲೆಯಿಂದ ಒಬ್ಬ, "ಅವ್ರದೇಯಾ" ಎಂದು ಬಾಗೆಮರದ ಕಡೆ ಗದ್ದ ಎತ್ತಿ ತೋರಿಸಿದ. ಇನ್ನೊಬ್ಬ, "ನಮ್ಮ ಮೇಲ್ಗಡೆ ಹೊಲಾನೂ ಅದೇ ಜೋಡಿ ಉತ್ತಿದ್ದು" ಎಂದ. ಒಬ್ಬನಾದ ಮೇಲೆ ಒಬ್ಬ ಹೇಳಿದರು. ಆಕೆ ಎತ್ತು ಕೊಟ್ಟದ್ದಕ್ಕೆ ಇವರು ಕಳೆ ಕಿತ್ತುಕೊಟ್ಟಿದ್ದರು, ಕೊಯ್ಲಿನಲ್ಲಿ ಇನ್ನೂ ತೀರಿಸುವುದಿತ್ತು. ಅದನ್ನೆಲ್ಲ ತಮ್ಮ ಬಾಯಲ್ಲೇ ಹೇಳಿದ ಮೇಲೆ ಕರಗಿಬಿಡುತ್ತಾರೆ ಎಂದು ನಾನು ಕಾದೆ. ಕರಗಲಿಲ್ಲ. ಪಟೇಲರು ಎದ್ದು ಪಂಚೆ ಕೊಡವಿ, "ಓದಿದ್ರಿ, ಕೇಳಿದ್ವಿ. ಬಿಟ್ಟಿಯೋರು ಅನ್ನುಸ್ಕೊಂಡಿದ್ದು ಒಂದು ಸಂಜೇಲಿ ಒರ್ಸೋಗಲ್ಲ, ಸ್ವಾಮಿ. ಹೋಗ್ಬನ್ನಿ" ಎಂದರು. ಗೌಡ್ತಮ್ಮ ಆಗಲೇ ಮನೆಯ ಕಡೆ ಹೊರಟಿದ್ದರು.

ಜನ ಚದುರುವಾಗ ಕಳೆಯ ಸಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ನನ್ನನ್ನು ನಗಿಸುತ್ತಿದ್ದ ಹಣ್ಣು ಮುದುಕಿ ಕೋಲೂರಿಕೊಂಡು ನನ್ನೆದುರು ನಿಂತಳು.

"ಬರೀ ನಮ್ಮುನ್ನೇ ಕೇಳ್ದೆ. ನೀನೂ ಉಂಡ್ಯಲ್ಲ ಹೊಲ್ದಾಗೆ?"

"ಹೌದಜ್ಜಿ. ಗೌಡ್ತಮ್ಮ ಹಾಕಿದ್ರು."

"ನೆಂಟ್ರಿಗೆ ಮನೇಲಿ ಹಾಕ್ತಾರೆ. ಹೊಲ್ದಾಗ್ ಹಾಕೋದು ಮುಯ್ಯಾಳಿಗೆ. ಉಂಡೋರು ಬಗ್ತಾರೆ. ನೀವಿಬ್ರು ಬಗ್ಗಲೇ ಇಲ್ಲ. ಕೊಯ್ಲಿಗೆ ಬತ್ತೀನಿ ಅಂದಿದ್ಯಲ್ಲ ಅಂತ ನಾವು ಸುಮ್ಕಿದ್ವಿ." ಇಷ್ಟು ಹೇಳಿ ಹೊರಟುಹೋದಳು.

ಅಷ್ಟು ದಿನ ನಾನು ನಕ್ಕು ಆಡಿದ ಮಾತನ್ನು ಅವರು ಮಾತೆಂದೇ ಇಟ್ಟುಕೊಂಡಿದ್ದರು. ಮೇಷ್ಟ್ರು ಎಲ್ಲ ಕೇಳಿಸಿಕೊಂಡಿದ್ದರು. ಕತ್ತು ಬಗ್ಗಿಸಿ ನಶ್ಯ ಏರಿಸಿ, "ಎರಡನೇ ಪ್ರಶ್ನೆ" ಎಂದಷ್ಟೇ ಹೇಳಿ ಬಸ್ಸಿನ ಕಡೆ ನಡೆದರು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅಮ್ಮನ ಹಳೆಯ ಸೀರೆ ಎತ್ತಿ ಕಟ್ಟಿಕೊಂಡು ಹೊರಟೆ. "ಎಲ್ಲಿಗೇ?" ಎಂದರು ಅಮ್ಮ. "ಗೌಡ್ತಮ್ಮನ ರಾಗಿ ಕೊಯ್ಯೋಕೆ." ಅಮ್ಮ ಬೈಯಲು ಬಾಯಿ ತೆರೆದವರು, ಏನನ್ನಿಸಿತೋ, ಮೋಡದ ಕಡೆ ನೋಡಿ, "ತಲೆಗೆ ಬಟ್ಟೆ ಕಟ್ಟಿಕೋ" ಎಂದರು. ಹೊಲದ ಬದುವಿಗೆ ಬಂದರೆ ನನ್ನ ಜೊತೆಗಾರ ನನಗಿಂತ ಮೊದಲೇ ನಿಂತಿದ್ದ. ಛತ್ರಿ ಇರಲಿಲ್ಲ.

ಗೌಡ್ತಮ್ಮ ಮತ್ತು ಆ ಮುದಿ ಆಳು ಹೊಲದ ಒಂದು ಮೂಲೆಯಲ್ಲಿ ಬಗ್ಗಿದ್ದರು. ಅಷ್ಟಗಲದ ಹೊಲದಲ್ಲಿ ಎರಡು ಬೆನ್ನು. ಆಕೆ ನಮ್ಮನ್ನು ನೋಡಿ ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಎರಡು ಕುಡುಗೋಲು ತಂದು ಬದುವಿನ ಮೇಲೆ ಇಟ್ಟು, ಮತ್ತೆ ಬಗ್ಗಿದರು.

ಕೊಯ್ಯುವುದನ್ನು ನೋಡುವುದು ಸುಲಭ. ಎಡಗೈಯಲ್ಲಿ ಹಿಡಿ ತುಂಬ ಹಿಡಿದು, ಬುಡಕ್ಕೆ ಕುಡುಗೋಲು ಹಾಕಿ, ತನ್ನ ಕಡೆಗೆ ಎಳೆದು, ಕೊಯ್ದದ್ದನ್ನು ತೆನೆ ಒಂದೇ ಕಡೆ ಬರುವ ಹಾಗೆ ಮಲಗಿಸಬೇಕು. ನನ್ನದು ಅರ್ಧ ಬೇರು ಸಮೇತ ಬಂತು, ಅರ್ಧ ನಡುವಿಗೆ ತುಂಡಾಯಿತು. ಜೊತೆಗಾರನಂತೂ ಗಡ್ಡ ಬೋಳಿಸುವವನ ಹಾಗೆ ಒಂದೊಂದೇ ಕಡ್ಡಿ ಕೊಯ್ಯುತ್ತಿದ್ದ. ಬೆನ್ನು ಕಿತ್ತುಹೋಗುವಂತಾಯಿತು. ಬದುವಿನ ಮೇಲೆ ಕೂತು ಈ ಬೆನ್ನುಗಳನ್ನು ನೋಡುತ್ತಾ 'ಹೆಂಗಸರ ಹಾಸ್ಯ' ಎಂದೊಂದು ಅಧ್ಯಾಯ ಬರೆಯಲು ಹೊರಟಿದ್ದೆನಲ್ಲ, ಬಗ್ಗಿಕೊಂಡು ನಗುವುದು ಎಂಥ ಕಷ್ಟ ಎಂದು ಅವತ್ತು ತಿಳಿಯಿತು. ಊರ ಕಡೆಯಿಂದ ಹೆಂಗಸರು ನೀರಿಗೆ ಹೋದರು, ದನ ಹೊಡೆದುಕೊಂಡು ಹೋದರು, ನಿಂತು ನೋಡಿದರು, ಹೋದರು. ಯಾರೂ ಬರಲಿಲ್ಲ. ಮೋಡ ದಟ್ಟವಾಗುತ್ತಲೇ ಇತ್ತು.

ಹೊತ್ತು ನೆತ್ತಿಗೆ ಬರುವ ಮುಂಚೆ ಗೌಡ್ತಮ್ಮ ಮನೆಗೆ ಹೋದರು. ತಿರುಗಿ ಬಂದಾಗ ನಾನು ನೋಡಿದೆ. ತಲೆಯ ಮೇಲೆ ಅದೇ ದೊಡ್ಡ ಕುಕ್ಕೆ, ಸೊಂಟದಲ್ಲಿ ಅದೇ ದೊಡ್ಡ ಗಡಿಗೆ, ಹಿಂದೆ ಮಕ್ಕಳ ಕೈಯಲ್ಲಿ ಎಲೆಯ ಕಟ್ಟು. ಹೊಲದಲ್ಲಿದ್ದದ್ದು ನಾವು ನಾಲ್ವರು. ಆಕೆ ಇಡೀ ಸಾಲಿಗೆ ಆಗುವಷ್ಟು ಹಿಟ್ಟು ತೊಳಸಿಕೊಂಡು ಬಂದಿದ್ದರು. ಹೊಂಗೆಯ ಕೆಳಗೆ ಮಕ್ಕಳು ಎಲೆ ಹಾಕಿದವು, ಒಂದರ ಪಕ್ಕ ಒಂದು, ನೆರಳು ಮುಗಿಯುವವರೆಗೆ. ಆ ಖಾಲಿ ಎಲೆಗಳನ್ನು ನೋಡಿ ನನಗೆ ತಡೆಯಲಾರದಷ್ಟು ಅಳು ಬಂತು. ಅತ್ತುಬಿಟ್ಟೆ ಕೂಡ, ತಲೆಗೆ ಕಟ್ಟಿದ ಬಟ್ಟೆಯ ತುದಿಯಲ್ಲಿ ಮುಖ ಮುಚ್ಚಿಕೊಂಡು.

"ಅಳ್ಬ್ಯಾಡ ಕಣವ್ವ, ಹಿಟ್ಟು ಆರೋಯ್ತದೆ" ಎಂದರು ಗೌಡ್ತಮ್ಮ.

ನಾವು ಕೂತು ಮೊದಲ ತುತ್ತು ಮುರಿದಿದ್ದೆವಷ್ಟೇ. ಬದುವಿನ ಮೇಲೆ ಕೋಲಿನ ಸದ್ದಾಯಿತು. ಆ ಹಣ್ಣು ಮುದುಕಿ. ಕೋಲನ್ನು ಮರಕ್ಕೆ ಒರಗಿಸಿ, ಒಂದು ಖಾಲಿ ಎಲೆಯ ಮುಂದೆ ಕಾಲು ಮಡಿಸಿ ಕೂತಳು.

"ಇಕ್ಕವ್ವ" ಎಂದಳು.

ಗೌಡ್ತಮ್ಮ ಕುಕ್ಕೆಗೆ ಕೈ ಹಾಕಿದವರು ಹಾಗೇ ನಿಂತರು. ಆಮೇಲೆ ಇಕ್ಕಿದರು. ಮುದುಕಿ ಸಾರು ನೆಕ್ಕಿ, "ಈಗ್ಲೂ ಉಪ್ಪು ಸಾಲ್ದು" ಎಂದಳು. ಆಕೆಯ ಹಿಂದೆ ಆಕೆಯ ಸೊಸೆ ಬಂದಳು, ಸೊಸೆಯ ಹಿಂದೆ ಬಾವಿಯ ಹತ್ತಿರ ಸರಿದುಹೋಗಿದ್ದ ಇಬ್ಬರು. ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡೇ ಬಂದಿದ್ದರು. ಒಬ್ಬರೂ ಮೊದಲು ಹೊಲಕ್ಕೆ ಇಳಿಯಲಿಲ್ಲ, ಎಲ್ಲರೂ ಮೊದಲು ಎಲೆಗೆ ಕೂತರು. ಉಂಡ ಮೇಲೆ ಬಗ್ಗಲೇಬೇಕು, ಅದನ್ನು ತಿಳಿದೇ ಉಂಡರು. ಒಂದು ಹೊಟ್ಟೆ ಊಟದಿಂದ ಅಷ್ಟು ದೊಡ್ಡ ಮಾತನ್ನು ಹೇಳಬಹುದೆಂದು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಎಲೆಗಳು ಸಾಲದೆ ಕೊನೆಗೆ ಬಂದವರಿಗೆ ಮಕ್ಕಳು ಓಡಿಹೋಗಿ ಮತ್ತೆ ತಂದವು.

ಸಂಜೆಯವರೆಗೆ ಕೊಯ್ದೆವು. ನನ್ನ ಸಾಲನ್ನು ಆ ಸೊಸೆ ಎರಡು ಸಲ ಸರಿಮಾಡಿ, "ಕುಡ್ಲು ಇಲ್ ಕೊಡವ್ವ, ನೀ ಹೊರೆ ಕಟ್ಟು" ಎಂದು ಕಿತ್ತುಕೊಂಡಳು. ಎರಡು ಮೂರು ದಿನದಲ್ಲಿ ರಾಗಿಯೆಲ್ಲ ಮೆದೆಯಾಯಿತು. ಆಮೇಲೆ ಮಳೆ ಹೊಯ್ದಿತು, ಹೊಯ್ದುಕೊಳ್ಳಲಿ ಎಂದು ನಾನು ನಮ್ಮ ಮನೆಯ ಕಿಟಕಿಯಲ್ಲಿ ನಿಂತು ನೋಡಿದೆ.

ಸೆಮಿನಾರಿನ ದಿನ ಸಭಾಂಗಣ ತುಂಬಿತ್ತು. ನಾವಿಬ್ಬರೂ ಒಂದೇ ಪ್ರಬಂಧವನ್ನು ಅರ್ಧರ್ಧ ಓದಿದೆವು. ಮೊದಲು ತಪ್ಪು ತಿಳಿದದ್ದನ್ನೂ, ಯಾಕೆ ತಪ್ಪಾಯಿತೆಂಬುದನ್ನೂ ಅವನೇ ಓದಿದ. ಒಂದು ಋತುವಿನಲ್ಲಿ ನೋಡಿ ಕೊಡುಕೊಳ್ಳುವಿಕೆಯ ಬಗ್ಗೆ ತೀರ್ಪು ಹೇಳಬಾರದೆಂಬುದು ಅವನ ಕೊನೆಯ ವಾಕ್ಯ. ಊರೊಳಗೆ ಬಿಟ್ಟವರು ಯಾರು ಎಂಬುದಕ್ಕೆ, ಒಬ್ಬಾಕೆ ಬಿಟ್ಟರು, ಅದಕ್ಕಾಗಿ ಆಕೆ ಏನು ತೆತ್ತರು ಎಂದು ನಾನು ಹೇಳಿದೆ. ಹಿಂದಿನ ಸಾಲಿನಿಂದ ಯಾರೋ ಹಿರಿಯರು, ಸಂಶೋಧಕರು ಹೀಗೆ ಕೆಲಸಕ್ಕೆ ಇಳಿದರೆ ತಾಟಸ್ಥ್ಯ ಎಲ್ಲಿ ಉಳಿಯುತ್ತದೆ ಎಂದರು. "ಉಂಡ ದಿನವೇ ಹೋಯಿತು ಸ್ವಾಮಿ, ನಮಗೆ ತಡವಾಗಿ ಗೊತ್ತಾಯಿತು" ಎಂದೆ. ಜನ ನಕ್ಕರು.

ಕೊನೆಗೆ ಮೇಷ್ಟ್ರು ತಮ್ಮ ಎರಡನೆಯ ಪ್ರಶ್ನೆಯನ್ನು ಎತ್ತಿದರು. "ಅವರಿಂದ ತೆಗೆದುಕೊಂಡದ್ದನ್ನು ಕೊಯ್ಲು ಮಾಡಿ ತೀರಿಸಿದ್ದೀರಿ. ಹಾಗಾದರೆ ನಿಮ್ಮ ಲೆಕ್ಕ ಚುಕ್ತಾ ಆಯಿತೇನಮ್ಮ?"

"ಇಲ್ಲ ಸಾರ್."

"ಯಾಕೆ?"

"ಕೊಯ್ಲಿನ ದಿನವೂ ಊಟಕ್ಕೆ ಕೂತೆ."

ಮುಂದಿನ ವರ್ಷ ಕಳೆ ಕೀಳುವ ಕಾಲಕ್ಕೆ ನನಗೆ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತ್ತು. ರಜೆ ಹಾಕಿ ಹೋದೆ. ಬೆಳಿಗ್ಗೆಯೇ ಹೋಗಿ ಸಾಲು ಹಿಡಿದೆ, ಊಟಕ್ಕಿಂತ ಮುಂಚೆ.